ಭಿಶಿ ವಹಿಯ ಒಂದು ಸಾಲು

ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಮುಂಗಾರಿನ ಬಿತ್ತನೆ ಶುರುವಾದರೆ ಊರಲ್ಲಿ ಎಲ್ಲರಿಗೂ ಒಮ್ಮೆಲೇ ರೊಕ್ಕ ಬೇಕಾಗುತ್ತದೆ. ಆ ತಿಂಗಳ ಭಿಶಿ ಸವಾಲಿನಲ್ಲಿ ಜನ ಹೆಚ್ಚು ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೆ. ಹೆಸರು ಮಾರಿ ಕೈಗೆ ರೊಕ್ಕ ಬಂದ ಮೇಲೆ ಕೂಗುವವರೇ ಕಡಿಮೆ. ಹೀಗಾಗಿ ಭಿಶಿಯ ವಹಿ ನೋಡಲು ಕೂತವರು ಮೊದಲು ಬಿಟ್ಟ ರೊಕ್ಕದ ಕಾಲಂ ಮೇಲೆ ಕಣ್ಣಾಡಿಸಬೇಕು. ಬಿತ್ತುವ ತಿಂಗಳಿಗೂ ಸುಗ್ಗಿಯ ತಿಂಗಳಿಗೂ ಒಂದೇ ಅಂಕಿ ಬರೆದಿದ್ದರೆ ಸವಾಲು ನಿಜವಾಗಿ ನಡೆದಿತ್ತೇ ಎಂದು ಕೇಳಲೇಬೇಕು.

ಲೆಕ್ಕ ತಿಳಿಯಲು ಒಂದು ಭಿಶಿಯನ್ನು ಊಹಿಸಿಕೊಳ್ಳೋಣ. 20 ಜನ, ತಿಂಗಳಿಗೆ ತಲಾ 1,000 ರೂಪಾಯಿ, 20 ತಿಂಗಳು. ಚೀಟಿಯ ಮೊತ್ತ 20,000. ಮೊದಲ ತಿಂಗಳ ಚೀಟಿಯನ್ನು ನಡೆಸುವವರೇ ಪೂರ್ತಿಯಾಗಿ ಎತ್ತುತ್ತಾರೆ. ತಾವೂ ಒಂದು ಚೀಟಿ ಹಾಕಿದ್ದರೆ ಕಾಯ್ದೆಯೂ ಇದಕ್ಕೆ ಒಪ್ಪುತ್ತದೆ. ಎರಡನೆಯ ತಿಂಗಳಿನಿಂದ ಸವಾಲು. ನಡೆಸುವವರ ಕಮಿಷನ್ ಶೇಕಡಾ 5, ಅಂದರೆ ತಿಂಗಳಿಗೆ 1,000.

ಏಳನೆಯ ತಿಂಗಳು ಒಬ್ಬರು 5,000 ಬಿಟ್ಟು ಚೀಟಿ ಎತ್ತಿದರು ಎನ್ನಿ. ಅವರ ಕೈಗೆ ಬರುವುದು 15,000. ಬಿಟ್ಟ 5,000ದಲ್ಲಿ ಕಮಿಷನ್ 1,000 ಹೋದರೆ ಉಳಿಯುವುದು 4,000. ಅದನ್ನು 20 ಜನಕ್ಕೆ ಹಂಚಿದರೆ ತಲಾ 200 ಡಿವಿಡೆಂಡ್, ಆದ್ದರಿಂದ ಆ ತಿಂಗಳು ಪ್ರತಿಯೊಬ್ಬರೂ ಕಟ್ಟಬೇಕಾದದ್ದು 800. ಈಗ ಸಾಲನ್ನು ಅಡ್ಡಲಾಗಿ ಕೂಡಿಸಿ ನೋಡಿ. ಒಳಬಂದದ್ದು 20 ಜನರ 800ರಂತೆ 16,000. ಹೊರಹೋದದ್ದು ಚೀಟಿ ಎತ್ತಿದವರಿಗೆ 15,000, ಕಮಿಷನ್ 1,000. ಎರಡೂ ಸರಿಹೊಂದಿದವು.

ತಪ್ಪು ಎಲ್ಲಿ ನುಸುಳುತ್ತದೆ? ಕೆಲವು ಭಿಶಿಗಳಲ್ಲಿ ಈಗಾಗಲೇ ಚೀಟಿ ಎತ್ತಿದವರಿಗೆ ಡಿವಿಡೆಂಡ್ ಇಲ್ಲ ಎಂಬ ಕರಾರು ಇರುತ್ತದೆ. ಏಳನೆಯ ತಿಂಗಳಿಗೆ ಮೊದಲು ಎತ್ತಿದವರು 6 ಮಂದಿ. ಅವರು ಪೂರ್ತಿ 1,000 ಕಟ್ಟಿದರು, ಉಳಿದ 14 ಮಂದಿ 800 ಕಟ್ಟಿದರು. ಕೂಡಿಸಿದರೆ 17,200 ಆಗುತ್ತದೆ, ಬೇಕಾದದ್ದು 16,000. ಹೆಚ್ಚಿನ 1,200 ನಡೆಸುವವರ ಕೈಯಲ್ಲೇ ಉಳಿಯಿತು! ಕರಾರು ಹಾಗಿದ್ದರೆ 4,000ವನ್ನು 14ರಿಂದಲೇ ಭಾಗಿಸಬೇಕಿತ್ತು. ತಲಾ 285 ರೂಪಾಯಿ ಮೀರಿ ಬರುತ್ತಿತ್ತು. ಪಾಲು ಸಿಗುವುದು 14 ಮಂದಿಗೆ, ಭಾಗಿಸಿದ್ದು 20ರಿಂದ. ಇಡೀ ತಪ್ಪು ಇಷ್ಟೇ. ಒಬ್ಬೊಬ್ಬರ ಕಾರ್ಡು ನೋಡಿದರೆ ಇದು ಎಂದೂ ಕಾಣದು, ಏಕೆಂದರೆ ಪ್ರತಿ ಕಾರ್ಡೂ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತದೆ. ಸಾಲು ಕೂಡಿಸಿದಾಗ ಮಾತ್ರ ಹೊರಬೀಳುತ್ತದೆ. ಮೋಸದ ಉದ್ದೇಶವಿಲ್ಲದ ಪ್ರಾಮಾಣಿಕರ ವಹಿಯಲ್ಲೂ ಇದು ಆಗಬಹುದು ಎಂಬುದನ್ನು ಮರೆಯಬಾರದು.

ಭಿಶಿ ಮುಗಿದಾಗ ಉದ್ದಕ್ಕೂ ಕೂಡಿಸಬೇಕು. 19 ಸವಾಲುಗಳಲ್ಲಿ ಬಿಟ್ಟ ರೊಕ್ಕ ಒಟ್ಟು 57,000 ಆಗಿದ್ದರೆ ಕಮಿಷನ್ 19,000 ಕಳೆದು 38,000 ಉಳಿಯುತ್ತದೆ. ಎಲ್ಲರಿಗೂ ಪಾಲು ಇರುವ ಭಿಶಿಯಾದರೆ ತಲಾ 1,900. ಅಂದಮೇಲೆ ಪ್ರತಿ ಕಾರ್ಡಿನ ಒಟ್ಟು ಕಂತು 18,100 ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಯಾವುದೋ ತಿಂಗಳ ಡಿವಿಡೆಂಡ್ ಬಂದಿಲ್ಲ ಎಂದೇ ಅರ್ಥ.

ಜಮಾ ತಾರೀಖುಗಳನ್ನೂ ನೋಡಬೇಕು. ಇಪ್ಪತ್ತು ಜನ ಪ್ರತಿ ತಿಂಗಳೂ ಒಂದೇ ದಿನ ಕಟ್ಟುವುದಿಲ್ಲ. ಎಲ್ಲ ಸಾಲಿಗೂ ಒಂದೇ ತಾರೀಖು, ಒಂದೇ ಶಾಯಿ ಇದ್ದರೆ ಆ ಪುಟವನ್ನು ಆಮೇಲೆ ಕೂತು ಬರೆದಿರುವ ಸಂಭವ ಹೆಚ್ಚು. ಬಾಕಿ ಇದ್ದವರ ಕಂತನ್ನು ನಡೆಸುವವರು ತುಂಬಿದ್ದರೆ ಅದನ್ನು ಹಾಗೆಂದೇ ಬರೆಯಬೇಕು, ಜಮಾ ಎಂದು ತೋರಿಸಬಾರದು. ಸ್ತ್ರೀಶಕ್ತಿ ಸಂಘಗಳಲ್ಲಿ ಸವಾಲಿಲ್ಲ, ಅಲ್ಲಿರುವುದು ಉಳಿತಾಯ, ಸಾಲ, ಬಡ್ಡಿ. ಆದರೆ ಸಭೆಯಲ್ಲಿ ಪ್ರತಿಯೊಬ್ಬರ ಜಮಾ, ಬಾಕಿಗಳನ್ನು ಗಟ್ಟಿಯಾಗಿ ಓದಿ ಹೇಳುವ ರೂಢಿ ಭಿಶಿಗೂ ಬರಬೇಕು. ಓದಲು ಬಾರದ ಅವ್ವನಿಗೂ ತನ್ನ ಅಂಕಿ ನೆನಪಿರುತ್ತದೆ.

ಕಾಯ್ದೆ ಕೇಳುವುದೂ ಇಂಥದ್ದನ್ನೇ. 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ಚೀಟಿ ಶುರುಮಾಡುವ ಮೊದಲೇ ಸರ್ಕಾರದ ಅನುಮತಿ ಪಡೆದು ನೋಂದಾಯಿಸಬೇಕು. ಪ್ರತಿ ಸವಾಲಿನ ನಡಾವಳಿಯನ್ನು ಕೂಡಲೇ ಬರೆದು, ನಡೆಸುವವರ ಜೊತೆ ಕನಿಷ್ಠ ಇಬ್ಬರು ಸದಸ್ಯರು ಸಹಿ ಮಾಡಿ, 21 ದಿನದೊಳಗೆ ಅದರ ನಕಲನ್ನು ನಿಬಂಧಕರಿಗೆ ಸಲ್ಲಿಸಬೇಕು. ಕಮಿಷನ್ನಿನ ಮಿತಿ ಶೇಕಡಾ 5 ಇದ್ದದ್ದು 2019ರ ತಿದ್ದುಪಡಿಯಿಂದ 7 ಆಗಿದೆ. ನೋಂದಣಿ ಇಲ್ಲದ ಭಿಶಿ ಮುರಿದುಬಿದ್ದರೆ ರೊಕ್ಕ ವಸೂಲಿ ಬಹಳ ಕಷ್ಟ.

ನಿಮ್ಮ ಭಿಶಿಯ ಮುಂದಿನ ಸವಾಲಿಗೆ ಹೋಗುವಾಗ ಕಾರ್ಡಿನ ಜೊತೆ ಒಂದು ಹಾಳೆ, ಪೆನ್ನು ಒಯ್ಯಿರಿ. ಕಳೆದ ತಿಂಗಳ ಸಾಲು ತೋರಿಸಿ ಎಂದು ಕೇಳಿ, ಎಲ್ಲರೆದುರು ಕೂಡಿಸಿ ನೋಡಿರಿ.