ಹಳೆಯ ಚಾಟ್ ಹುಡುಕುವ ಬಗೆ

ಚಾಟ್‌ಜಿಪಿಟಿಯಲ್ಲಿ ನಡೆದ ಪ್ರತಿ ಚಾಟ್ ಪರದೆಯ ಎಡಬದಿಯ ಪಟ್ಟಿಯಲ್ಲಿ ಒಂದು ಸಾಲಾಗಿ ಕೂರುತ್ತದೆ. ಮೊಬೈಲಿನಲ್ಲಿ ಈ ಪಟ್ಟಿ ಅಡಗಿರುತ್ತದೆ. ಮೇಲಿನ ಎಡಮೂಲೆಯ ಗೆರೆಗಳ ಗುರುತನ್ನು ಒತ್ತಿದರೆ ಹೊರಬರುತ್ತದೆ. ಆರಂಭದಲ್ಲಿ ಹತ್ತಾರು ಸಾಲುಗಳಿರುವಾಗ ಕಣ್ಣಾಡಿಸಿದರೆ ಸಾಕು. ಒಂದೆರಡು ವರ್ಷ ಬಳಸಿದ ಮೇಲೆ ಸಾಲುಗಳು ನೂರಾರಾಗುತ್ತವೆ, ಆಗ ಪಟ್ಟಿಯ ಸ್ವಭಾವ ತಿಳಿಯದೆ ಹುಡುಕಿದರೆ ಬೆರಳು ಸವೆಯುವುದೊಂದೇ ಲಾಭ.

ಸಾಲಿನಲ್ಲಿ ಕಾಣುವ ಶೀರ್ಷಿಕೆಯನ್ನು ಬಳಕೆದಾರರು ಕೊಟ್ಟಿರುವುದಿಲ್ಲ. ಚಾಟ್ ಶುರುವಾದ ಕೂಡಲೇ, ಮೊದಲ ಸಂದೇಶದ ವಿಷಯ ನೋಡಿ ಆ್ಯಪ್ ತಾನೇ ಹೆಸರಿಡುತ್ತದೆ. ಮುಂದೆ ಮಾತು ಎತ್ತಲೋ ಹೊರಳಿದರೂ ಹೆಸರು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಕಳೆದುಹೋದಂತೆ ಕಾಣುವ ಬಹುಪಾಲು ಚಾಟ್‌ಗಳು ಕಳೆದಿರುವುದಿಲ್ಲ, ಬೇರೆ ಹೆಸರಿನಡಿ ಕೂತಿರುತ್ತವೆ.

ಮೈಸೂರಿನಲ್ಲಿ ಮೇಲಂತಸ್ತನ್ನು ಬಾಡಿಗೆಗೆ ಕೊಡುವ ಮನೆಮಾಲೀಕರೊಬ್ಬರು ಇದ್ದಾರೆ ಎಂದುಕೊಳ್ಳೋಣ. ಜೂನ್‌ನಲ್ಲಿ ಅವರು 11 ತಿಂಗಳ ಬಾಡಿಗೆ ಕರಾರಿನ ಕರಡಿಗಾಗಿ ಒಂದು ಚಾಟ್ ತೆರೆದರು. ಅದಕ್ಕೆ Rental Agreement Draft ಎಂಬ ಹೆಸರು ಬಿತ್ತು. ಮಳೆ ಜೋರಾದಾಗ ಅದೇ ಚಾಟ್‌ನಲ್ಲೇ ತಾರಸಿ ಸೋರುವ ಸಂಗತಿಯನ್ನೂ ಬರೆದರು. ಅಕ್ಟೋಬರ್‌ನಲ್ಲಿ ಕರಾರಿಗೆ ಒಂದು ಷರತ್ತು ಸೇರಿಸಲು ಮತ್ತೆ ಅಲ್ಲಿಗೇ ಹೋದರು. ಈಗ ಜನವರಿ, ಗಾರೆಯವರು ಬಂದಿದ್ದಾರೆ, ತಾರಸಿಯ ಟಿಪ್ಪಣಿ ಬೇಕು. ಪಟ್ಟಿಯಲ್ಲಿ ತಾರಸಿಯ ಹೆಸರು ಹೊತ್ತ ಸಾಲೇ ಇಲ್ಲ.

ಮಳೆಗಾಲದ ಚಾಟ್ ಎಂದು ಅವರು ಜುಲೈ ಹೊತ್ತಿನ ಸಾಲುಗಳಿಗೆ ಇಳಿಯುತ್ತಾರೆ. ಅಲ್ಲಿಯೂ ಇಲ್ಲ. ಪಟ್ಟಿಯ ಕ್ರಮ ನಿಂತಿರುವುದು ಚಾಟ್ ಶುರುವಾದ ದಿನದ ಮೇಲಲ್ಲ, ಅದರಲ್ಲಿ ಕೊನೆಯ ಸಂದೇಶ ಬರೆದ ದಿನದ ಮೇಲೆ. ಅಕ್ಟೋಬರ್‌ನಲ್ಲಿ ಷರತ್ತು ಸೇರಿಸಿದ ಕ್ಷಣವೇ ಆ ಸಾಲು ಮೇಲಕ್ಕೆ ಜಿಗಿದು, ಈಗ ಅಕ್ಟೋಬರ್‌ನ ಸಾಲುಗಳ ನಡುವೆ ಕೂತಿದೆ. ಆದ್ದರಿಂದ ದಿನಾಂಕ ಹಿಡಿದು ಹುಡುಕುವಾಗ ‘ಯಾವಾಗ ಕೇಳಿದ್ದು’ ಎನ್ನುವುದಕ್ಕಿಂತ ‘ಕೊನೆಯದಾಗಿ ಯಾವಾಗ ಬರೆದದ್ದು’ ಎನ್ನುವುದನ್ನು ನೆನಪಿಸಿಕೊಳ್ಳಬೇಕು. ಇನ್ನೊಂದು ತೊಡಕೂ ಇದೆ: ಕೆಳಗೆ ಸರಿಸಿದಷ್ಟೂ ಹಳೆಯ ಸಾಲುಗಳು ಕಂತು ಕಂತಾಗಿ ಬರುತ್ತವೆ. ಬ್ರೌಸರ್‌ನ Ctrl+F ಒತ್ತಿ ಶೀರ್ಷಿಕೆ ಹುಡುಕಿದರೆ ಅದು ಆವರೆಗೆ ಬಂದ ಸಾಲುಗಳನ್ನಷ್ಟೇ ನೋಡುತ್ತದೆ.

ಇಂಥಲ್ಲಿ ನೆರವಿಗೆ ಬರುವುದು ಪಟ್ಟಿಯ ಮೇಲ್ಭಾಗದ Search chats. ಕಂಪ್ಯೂಟರ್‌ನಲ್ಲಿ Ctrl+K, ಮ್ಯಾಕ್ ಆದರೆ Cmd+K ಒತ್ತಿದರೂ ತೆರೆಯುತ್ತದೆ. ಇದು ಶೀರ್ಷಿಕೆಯ ಜೊತೆಗೆ ಚಾಟ್‌ನ ಒಳಗಿನ ಮಾತನ್ನೂ ಜಾಲಾಡುತ್ತದೆ. ಆದರೂ ನಮ್ಮ ಮನೆಮಾಲೀಕರು ‘ತಾರಸಿ’ ಎಂದು ಹುಡುಕಿದಾಗ ಏನೂ ಸಿಗುವುದಿಲ್ಲ, ಏಕೆಂದರೆ ಜುಲೈನಲ್ಲಿ ಅವಸರದಲ್ಲಿ ಅವರು ಇಂಗ್ಲಿಷ್ ಅಕ್ಷರಗಳಲ್ಲಿ terrace soruttide ಎಂದು ಬರೆದಿದ್ದರು. ಕನ್ನಡಿಗರ ಹುಡುಕಾಟ ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಂದೇ ಮಾತನ್ನು ನಾವು ಒಂದು ದಿನ ಕನ್ನಡ ಲಿಪಿಯಲ್ಲಿ, ಮರುದಿನ ಕಂಗ್ಲಿಷ್‌ನಲ್ಲಿ, ಇನ್ನೊಂದು ದಿನ ನೇರ ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಕಂಗ್ಲಿಷ್‌ಗೆ ಕಾಗುಣಿತವೂ ಗೊತ್ತಿಲ್ಲ: badige, baadige ಎರಡೂ ನಡೆಯುತ್ತವೆ. ಹುಡುಕುವಾಗ ಈ ರೂಪಗಳನ್ನು ಒಂದೊಂದಾಗಿ ಪ್ರಯತ್ನಿಸಬೇಕು. ಹೆಚ್ಚು ಫಲ ಕೊಡುವುದು ಆ ಚಾಟ್‌ಗಷ್ಟೇ ಸೇರಿದ ಪದ: ಬಡಾವಣೆಯ ಹೆಸರು, ಸಿಮೆಂಟ್ ಕಂಪನಿಯ ಹೆಸರು, ಬಾಡಿಗೆಯ ಮೊತ್ತ. ಮೊತ್ತದಲ್ಲೂ 14,500 ಮತ್ತು 14500 ಎರಡನ್ನೂ ನೋಡಬೇಕು. ‘ಮನೆ’ಯಂಥ ಪದ ಹಾಕಿದರೆ ಫಲಿತಾಂಶಗಳ ರಾಶಿಯೇ ಬೀಳುತ್ತದೆ.

terrace ಎಂದು ಹಾಕಿದಾಗ ಬಾಡಿಗೆ ಕರಾರಿನ ಸಾಲು ಕಾಣಿಸುತ್ತದೆ. ಹೆಸರು ಸಂಬಂಧವಿಲ್ಲದಂತೆ ತೋರಿದರೂ ತೆರೆದು ನೋಡಬೇಕು. ಉದ್ದದ ಚಾಟ್ ಆದರೆ ಒಳಗೆ Ctrl+F ಕೆಲಸಕ್ಕೆ ಬರುತ್ತದೆ. ಸಿಕ್ಕ ತಕ್ಷಣ ಸಾಲಿನ ಪಕ್ಕದ ಮೂರು ಚುಕ್ಕೆ ಒತ್ತಿ, ಮೊಬೈಲಿನಲ್ಲಾದರೆ ಸಾಲನ್ನೇ ಒತ್ತಿಹಿಡಿದು, Rename ಆರಿಸಿ ‘ಬಾಡಿಗೆ ಕರಾರು + ತಾರಸಿ ಸೋರಿಕೆ, 2025’ ಎಂದು ಹೆಸರು ಬದಲಿಸಬಹುದು. ವರ್ಷವನ್ನು ಹೆಸರಿನಲ್ಲೇ ಸೇರಿಸಿದರೆ ಸಾಲು ಎಲ್ಲಿಗೆ ಜಿಗಿದರೂ ಕಾಲ ತಪ್ಪುವುದಿಲ್ಲ.

ಯಾವ ಪದಕ್ಕೂ ಸಿಗದಿದ್ದರೆ ಮೊದಲು ನೋಡಬೇಕಾದದ್ದು ಲಾಗಿನ್. ಇ-ಮೇಲ್ ಒಂದು, ಆಫೀಸಿನ ಖಾತೆ ಇನ್ನೊಂದು ಇದ್ದರೆ ಎರಡರ ಪಟ್ಟಿಗಳೂ ಬೇರೆಬೇರೆ. ಆರ್ಕೈವ್ ಮಾಡಿದ ಚಾಟ್ ಪಟ್ಟಿಯಿಂದ ಮರೆಯಾದರೂ ಅಳಿದಿರುವುದಿಲ್ಲ. ಸೆಟ್ಟಿಂಗ್ಸ್‌ನ Archived chats ಒಳಗಿರುತ್ತದೆ. ಡಿಲೀಟ್ ಮಾಡಿದ್ದನ್ನು ಮರಳಿ ಪಡೆಯುವ ದಾರಿಯಿಲ್ಲ. Temporary chat ಎಂದು ತೆರೆದಿದ್ದರೆ ಅದು ಪಟ್ಟಿಗೆ ಸೇರಿಯೇ ಇರುವುದಿಲ್ಲ.