ಇಡ್ಲಿ ಹಿಟ್ಟು ಎಷ್ಟು ಉಬ್ಬಿತು?

ಶಾಲೆಯ ವಿಜ್ಞಾನ ಮೇಳದಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸುವುದು ನೋಡಲು ಚೆಂದ. ಆದರೆ ಅಲ್ಲಿ ಮಕ್ಕಳು ಏನನ್ನೂ ಅಳೆಯುವುದಿಲ್ಲ. ಆರು, ಏಳು, ಎಂಟನೇ ತರಗತಿಯವರಿಗೆ ನಾನು ಹೇಳುವುದು ಇಡ್ಲಿ ಹಿಟ್ಟಿನ ಪ್ರಯೋಗ. ಚಳಿಗೆ ಹಿಟ್ಟು ಉಬ್ಬುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಆ ಮಾತನ್ನೇ ಸ್ಕೇಲು ಹಿಡಿದು ಪರೀಕ್ಷಿಸಬಹುದು.

ಹಿಟ್ಟು ಉಬ್ಬಿಸುವುದು ಉದ್ದಿನಬೇಳೆ, ಅಕ್ಕಿಯ ಜೊತೆಗೇ ಬರುವ ಸೂಕ್ಷ್ಮಜೀವಿಗಳು. ಅವು ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಗುಳ್ಳೆಗಳಾಗಿ ಹಿಡಿದಿಡುವುದರಿಂದ ಹಿಟ್ಟು ಮೇಲೇರುತ್ತದೆ.

ಒಂದೇ ಪಾತ್ರೆಯಲ್ಲಿ ರುಬ್ಬಿ, ಉಪ್ಪು ಹಾಕಿ, ಚೆನ್ನಾಗಿ ಕಲಸಿದ ಹಿಟ್ಟು ತೆಗೆದುಕೊಳ್ಳಿ. ಒಂದೇ ಅಳತೆಯ ಗಾಜಿನ ಲೋಟಗಳು ಒಂಬತ್ತು ಬೇಕು. ಲೋಟದ ಗೋಡೆ ನೇರವಾಗಿರಲಿ. ಬಾಯಿ ಅಗಲವಾದ ಲೋಟದಲ್ಲಿ ಹಿಟ್ಟು ಅಡ್ಡಕ್ಕೆ ಹರಡಿಕೊಂಡು ಎತ್ತರ ಕಡಿಮೆ ತೋರಿಸುತ್ತದೆ. ಹೊರಗೆ ಸೆಂಟಿಮೀಟರ್ ಗುರುತು ಹಾಕಿದ ಕಾಗದದ ಪಟ್ಟಿ ಅಂಟಿಸಿ, ಎಲ್ಲದರಲ್ಲೂ 4 ಸೆಂ.ಮೀ. ಎತ್ತರಕ್ಕೆ ಹಿಟ್ಟು ತುಂಬಿ, ಸಡಿಲವಾಗಿ ಮುಚ್ಚಿ. ಮೂರು ಲೋಟ ಫ್ರಿಜ್‌ಗೆ, ಮೂರು ಅಡುಗೆಮನೆಯ ಕಟ್ಟೆಗೆ. ಉಳಿದ ಮೂರನ್ನು ಉಗುರುಬೆಚ್ಚಗಿನ ನೀರು ತುಂಬಿದ ಬಾಟಲಿಗಳ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ನೀರು ತಣ್ಣಗಾದಾಗ ಬದಲಿಸಿ. ತೀರಾ ಬಿಸಿ ನೀರು ಬೇಡ, ಸೂಕ್ಷ್ಮಜೀವಿಗಳೇ ಸತ್ತುಹೋಗುತ್ತವೆ. ಪ್ರತಿ ಜಾಗಕ್ಕೂ ಮೂರು ಲೋಟ ಏಕೆಂದರೆ, ಒಂದು ಲೋಟ ಯಾವುದೋ ಕಾರಣಕ್ಕೆ ಎಡವಟ್ಟಾದರೂ ಉಳಿದೆರಡು ಅದನ್ನು ತೋರಿಸಿಕೊಡುತ್ತವೆ.

ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ನೆರವಿಗೆ ಬರುವುದಿಲ್ಲ, ಅದು ಮೈಯ ಬಿಸಿಯ ಆಸುಪಾಸಿನಲ್ಲಿ ಮಾತ್ರ ಅಳೆಯುತ್ತದೆ. ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಇದ್ದರೆ ಸರಿ, ಇಲ್ಲದಿದ್ದರೆ ‘ತಣ್ಣಗೆ, ಸಾಧಾರಣ, ಬೆಚ್ಚಗೆ’ ಎಂದು ಬರೆದರೆ ಸಾಕು.

ರಜೆಯ ದಿನ ಬೆಳಿಗ್ಗೆಯೇ ಶುರುಮಾಡಿ ಗಂಟೆಗೊಮ್ಮೆ ಎತ್ತರ ಬರೆದುಕೊಳ್ಳಿ. ಹಿಟ್ಟಿನ ನಡುಭಾಗ ಗುಮ್ಮಟದ ಹಾಗೆ ಎದ್ದಿರಬಹುದು. ಯಾವಾಗಲೂ ಗಾಜಿಗೆ ತಾಗಿದ ಅಂಚನ್ನೇ ಓದಿ. ಲೋಟ ಅಲುಗಾಡಿಸಿದರೆ ಗುಳ್ಳೆ ಒಡೆದು ಹಿಟ್ಟು ಕುಸಿಯುತ್ತದೆ. 4 ಸೆಂ.ಮೀ. ಇದ್ದದ್ದು 7ಕ್ಕೆ ಏರಿದರೆ, ಏರಿದ 3ನ್ನು 4ರಿಂದ ಭಾಗಿಸಿ: ಶೇ. 75ರಷ್ಟು ಉಬ್ಬಿದೆ. ಮೂರು ಲೋಟಗಳ ಸರಾಸರಿ ತೆಗೆದು, ಅಡ್ಡಗೆರೆಯಲ್ಲಿ ಗಂಟೆ, ಲಂಬಗೆರೆಯಲ್ಲಿ ಎತ್ತರ ಇಟ್ಟು ಗ್ರಾಫ್ ಬರೆಯಿರಿ.

ಮಕ್ಕಳು ಇಲ್ಲೇ ದಾರಿ ತಪ್ಪುವ ಸಾಧ್ಯತೆಯೂ ಇದೆ. ಬೆಚ್ಚಗಿನ ಹಿಟ್ಟು ಬೇಗ ಉಬ್ಬಿ, ಹುಳಿ ಹೆಚ್ಚಾದ ಮೇಲೆ ತಗ್ಗಿಹೋಗಬಹುದು. ಕೊನೆಯ ಅಳತೆ ಒಂದನ್ನೇ ನೋಡಿದರೆ ಅದು ಸೋತಂತೆ ಕಾಣುತ್ತದೆ. ಗಂಟೆಗೊಂದು ಚುಕ್ಕೆ ಇಟ್ಟ ಗ್ರಾಫ್ ಮಾತ್ರ ಏರಿ ಇಳಿದದ್ದನ್ನು ತೋರಿಸುತ್ತದೆ. ಫ್ರಿಜ್‌ನ ಹಿಟ್ಟು ಏಳದಿದ್ದರೆ ಸೂಕ್ಷ್ಮಜೀವಿಗಳು ಸತ್ತವೋ, ನಿಧಾನವಾದವೋ ಎಂದು ತೀರ್ಪುಗಾರರು ಕೇಳಬಹುದು. ಅದಕ್ಕೆ ಉತ್ತರ ಸಿಗಬೇಕಾದರೆ ಆ ಲೋಟಗಳನ್ನು ಮರುದಿನ ಹೊರಗಿಟ್ಟು ಮತ್ತೆ ಅಳೆಯಬೇಕು.