ಜೂನ್ ಒಂದರ ಮಿಥುನ ರಾಶಿಯವರು

ಆಳಂದ, ಅಫಜಲಪುರ, ಜೇವರ್ಗಿ ಕಡೆ ‘ರಾಶಿ’ ಎಂದರೆ ಮೊದಲು ನೆನಪಾಗುವುದು ತೊಗರಿಯ ರಾಶಿ, ಜೋಳದ ರಾಶಿ. “ನೀನು ಹುಟ್ಟಿದ್ದು ಯಾವಾಗ?” ಎಂದು ಕೇಳಿದರೆ ಹಳೆಯ ಹೆಂಗಸರು ಹೇಳುತ್ತಿದ್ದುದೂ ಹಾಗೆಯೇ. ತೊಗರಿ ರಾಶಿಯ ಹೊತ್ತಿಗೆ, ಬಂದೇನವಾಜರ ಉರುಸಿನ ತಿಂಗಳಲ್ಲಿ, ರಮಝಾನಿನ ಹತ್ತನೇ ರೋಜಾದ ದಿನ. ತಾರೀಖು ಯಾರಿಗೂ ಬೇಕಿರಲಿಲ್ಲ. ಈಗ ಅದೇ ಮನೆಗಳ ಹುಡುಗಿಯರ ಮೊಬೈಲಿಗೆ ಬೇರೆ ಬಗೆಯ ರಾಶಿ ಬಂದು ಬೀಳುತ್ತಿದೆ. ಮೇಷದವರು ಮುಂಗೋಪಿಗಳು, ವೃಷಭದವರು ಹಟಮಾರಿಗಳು, ಮಿಥುನದವರು ಎರಡು ನಾಲಿಗೆಯವರು, ಕರ್ಕಾಟಕದವರು ಮಾತೆತ್ತಿದರೆ ಅಳುವವರು, ವೃಶ್ಚಿಕದವರು ಹಗೆ ಮರೆಯದವರು. ಹನ್ನೆರಡು ರಾಶಿ, ಹನ್ನೆರಡು ದೋಷ. ಓದಿದವರು ಸಿಟ್ಟಾಗುವುದಿಲ್ಲ. “ಅಯ್ಯೋ, ಇದು ನಾನೇ!” ಎಂದು ನಕ್ಕು ಗೆಳತಿಗೆ ಕಳಿಸುತ್ತಾರೆ.

ಬೈಸಿಕೊಂಡೂ ಖುಷಿಪಡುವುದು ಹೇಗೆ ಸಾಧ್ಯ? ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇದೆ. ಆ ರಾಶಿ ನಿಮ್ಮದೇ ಹೌದೇ?

ಮಾಸ್ತರರು ಬರೆದ ರಾಶಿ

ನಮ್ಮ ಹಳ್ಳಿಗಳ ಶಾಲಾ ದಾಖಲೆ ತೆಗೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಎಷ್ಟೋ ಮಕ್ಕಳ ಜನ್ಮದಿನಾಂಕ ಜೂನ್ 1. ಜನನ ನೋಂದಣಿಯ ಕಾನೂನು 1969ರಲ್ಲೇ ಬಂದಿದ್ದರೂ ಮನೆಯಲ್ಲೇ ಹೆರಿಗೆಯಾದ ಕಡೆಗಳಲ್ಲಿ ಬರೆಸಿದವರು ಕಡಿಮೆ. ಮಗುವನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ವಯಸ್ಸನ್ನು ಅಂದಾಜು ಮಾಡಿ, ಶಾಲೆ ತೆರೆಯುವ ಹೊತ್ತಿನ ತಾರೀಖನ್ನೇ ಬರೆದುಬಿಡುತ್ತಿದ್ದರು. ಆ ತಾರೀಖೇ ಅಂಕಪಟ್ಟಿಗೆ, ಆಧಾರಿಗೆ ಮತ್ತು ಕೊನೆಗೆ ಫೇಸ್‌ಬುಕ್ಕಿಗೂ ಹೋಯಿತು. ಪಾಶ್ಚಾತ್ಯ ಲೆಕ್ಕದಲ್ಲಿ ಮೇ 21ರ ಸುಮಾರಿನಿಂದ ಜೂನ್ 21ರ ಸುಮಾರಿನವರೆಗೆ ಮಿಥುನ ರಾಶಿ. ಹಾಗಾಗಿ ಮಾಸ್ತರರ ಒಂದು ಗೆರೆಯಿಂದ ಇಡೀ ತರಗತಿಯೇ ‘ಎರಡು ನಾಲಿಗೆಯ’ವರಾಯಿತು!

ರಮಝಾನಿನಲ್ಲಿ ಹುಟ್ಟಿದ್ದು ನಿಜವೆಂದು ತಾಯಿಗೆ ನೆನಪಿದ್ದರೂ ರಾಶಿ ಸಿಗುವುದಿಲ್ಲ. ಹಿಜರಿ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಸುಮಾರು 33 ವರ್ಷಗಳಲ್ಲಿ ರಮಝಾನ್ ಹನ್ನೆರಡೂ ರಾಶಿಗಳನ್ನು ಸುತ್ತಿ ಬರುತ್ತದೆ.

ಸರಿಯಾದ ತಾರೀಖು ಇದ್ದವರಿಗೂ ತೊಡಕು ತಪ್ಪಿದ್ದಲ್ಲ. ಈ ಮೀಮ್‌ಗಳು ಹೆಚ್ಚಾಗಿ ಇಂಗ್ಲಿಷಿನಿಂದ ಬಂದವು. ಅಲ್ಲಿ ರಾಶಿ ಎಂದರೆ ಹುಟ್ಟಿದ ದಿನ ಸೂರ್ಯನಿದ್ದ ಮನೆ. ನಮ್ಮ ನಾಡಿನ ಪಂಚಾಂಗದವರು ‘ನಿನ್ನ ರಾಶಿ’ ಎನ್ನುವುದು ಚಂದ್ರನಿದ್ದ ಮನೆಯನ್ನು, ಅದು ಎರಡೂಕಾಲು ದಿನಕ್ಕೊಮ್ಮೆ ಬದಲಾಗುತ್ತದೆ. ಸೂರ್ಯನನ್ನೇ ಹಿಡಿದರೂ ಎರಡು ಲೆಕ್ಕಗಳ ನಡುವೆ ಸುಮಾರು 24 ಡಿಗ್ರಿಯ ಅಂತರ. ಜೂನ್ 1ರಂದು ಇಂಗ್ಲಿಷ್ ಲೆಕ್ಕದಲ್ಲಿ ಸೂರ್ಯ ಮಿಥುನದಲ್ಲಿ, ಪಂಚಾಂಗದಲ್ಲಿ ಇನ್ನೂ ವೃಷಭದಲ್ಲಿ. ಒಬ್ಬಳೇ ಹುಡುಗಿ ಒಂದು ಕಡೆ ಚಂಚಲೆ, ಇನ್ನೊಂದು ಕಡೆ ಜಗ್ಗದ ಹಟಮಾರಿ. ಚಂದ್ರನನ್ನು ಕೇಳಿದರೆ ಮೂರನೆಯದೇ ಏನೋ ಆದಾಳು. ಕನ್ನಡಕ್ಕೆ ಬಂದಾಗ ಹೆಸರು ಉಳಿಯಿತು, ಅಳತೆಗೋಲು ಬೇರೆಯಾಯಿತು. ಆದರೂ ಮೂರನ್ನೂ ಓದಿ “ಇದು ನಾನೇ” ಎನ್ನುವವರಿದ್ದಾರೆ.

ಎಲ್ಲರಿಗೂ ಹೊಂದುವ ಅಂಗಿ

ಇದಕ್ಕೆ ಕಾರಣವನ್ನು 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತನ್ನ ತರಗತಿಯಲ್ಲೇ ತೋರಿಸಿದ. 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಕೆಲವು ದಿನಗಳ ನಂತರ ಪ್ರತಿಯೊಬ್ಬರಿಗೂ ‘ನಿನ್ನ ಸ್ವಭಾವ’ ಎಂದು ಒಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ ನಾಲ್ಕಕ್ಕಿಂತ ಹೆಚ್ಚು ಬಂತು. ಆಮೇಲೆ ಗುಟ್ಟು ಹೊರಬಿತ್ತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ, ಅದರ ಮಾತುಗಳನ್ನು ಆತ ಆಯ್ದದ್ದು ಅಂಗಡಿಯಲ್ಲಿ ಮಾರುವ ಒಂದು ಜ್ಯೋತಿಷ್ಯದ ಪುಸ್ತಕದಿಂದ. ಹೊರಗೆ ಗಟ್ಟಿ, ಒಳಗೆ ಅಳುಕು. ನಿನ್ನಲ್ಲಿ ಬಳಸದೇ ಬಿಟ್ಟ ಶಕ್ತಿಯಿದೆ. ನಿನ್ನನ್ನು ನೀನೇ ಹೆಚ್ಚು ಟೀಕಿಸಿಕೊಳ್ಳುತ್ತೀ. ಬಹುತೇಕ ಇಂತಹ ಮಾತುಗಳೇ. ಯಾರಿಗೆ ಹೊಂದುವುದಿಲ್ಲ?

ದೋಷ ಹೇಳುವ ಮೀಮ್ ಇದಕ್ಕಿಂತ ಒಂದು ಹೆಜ್ಜೆ ಜಾಣತನದ್ದು. ಅದು ಹೇಳುವ ದೋಷಗಳನ್ನು ಗಮನಿಸಿ. ‘ಬೇಗ ನಂಬಿ ಮೋಸಹೋಗುತ್ತಾಳೆ’ ಎಂದರೆ ಒಳ್ಳೆಯವಳು. ‘ಹಟಮಾರಿ’ ಎಂದರೆ ಗಟ್ಟಿಗಿತ್ತಿ. ‘ಹಗೆ ಮರೆಯಳು’ ಎಂದರೆ ಇವಳ ತಂಟೆಗೆ ಹೋಗಬೇಡಿ. ಮೇಲೆ ಬೈಗುಳ, ಒಳಗೆ ಹೊಗಳಿಕೆ. ನೆರೆಮನೆಯಿಂದ ಕಡ ತಂದ ಸಕ್ಕರೆ ವಾಪಸು ಕೊಡುವುದಿಲ್ಲ, ನಾದಿನಿಯ ಹೊಸ ಸೀರೆ ಕಂಡು ಹೊಟ್ಟೆ ಉರಿದುಕೊಳ್ಳುತ್ತಾಳೆ ಎಂದು ಯಾವ ರಾಶಿಯ ಮೀಮೂ ಹೇಳುವುದಿಲ್ಲ. ಹಾಗೆ ಹೇಳಿದರೆ ಯಾರೂ ಗೆಳತಿಗೆ ಕಳಿಸುವುದೂ ಇಲ್ಲ.

ಇನ್ನೂ ಎರಡು ಸುಖಗಳಿವೆ. ಒಂದು, ನೆಪದ ಸುಖ. ಅತ್ತೆಯೆದುರು ದನಿ ಎತ್ತಿದ್ದು ನನ್ನ ತಪ್ಪಲ್ಲ, “ನಾ ಇರಾದೇ ಹಿಂಗ, ನಾ ಮೇಷ ರಾಶಿಯಾಕಿ.” ತೌಬಾದ ಅಗತ್ಯವಿಲ್ಲ, ಕ್ಷಮೆ ಕೇಳುವ ಕಷ್ಟವೂ ಇಲ್ಲ. ಎರಡನೆಯದು ಹೆಚ್ಚು ಕನಿಕರದ್ದು. ದಿನವಿಡೀ ಯಾರದೋ ಮಗಳು, ಯಾರದೋ ಸೊಸೆ, ಯಾರದೋ ಅಮ್ಮಿ ಆಗಿರುವವಳ ಬಗ್ಗೆ “ನೀನು ಹೀಗೆ” ಎಂದು ಕುಳಿತು ಹೇಳುವವರು ಮನೆಯಲ್ಲಿ ಎಷ್ಟು ಮಂದಿ? ಮೀಮ್ ಸುಳ್ಳಾದರೂ ಅದು ಅವಳ ಕುರಿತ ಮಾತು.

ನಗು ನಿಲ್ಲುವ ಜಾಗ

ಹಾಗಾದರೆ ನಕ್ಕು ಬಿಟ್ಟರಾಯಿತಲ್ಲ ಎನ್ನಬಹುದು. ಚೀನಾದಲ್ಲಿ ನಡೆದದ್ದನ್ನು ಕೇಳಿ. ಅಲ್ಲಿಗೆ ಪಾಶ್ಚಾತ್ಯ ರಾಶಿಗಳು ಹೋದಾಗ ಕನ್ಯಾರಾಶಿಯ ಹೆಸರು ‘ಗಂಡಿನ ಸಂಗ ಅರಿಯದ ಕನ್ನಿಕೆ’ ಎಂಬ ಅರ್ಥದಲ್ಲಿ ಅನುವಾದವಾಯಿತು. ಅಷ್ಟರಿಂದಲೇ ಆ ರಾಶಿಯವರು ಅತಿ ಮಡಿಯವರು, ಎಲ್ಲದರಲ್ಲೂ ಕೊಂಕು ಹುಡುಕುವವರು ಎಂಬ ಮಾತು ಹುಟ್ಟಿತು. ಸಂಬಂಧ ನೋಡುವಾಗ, ಕೆಲಸಕ್ಕೆ ಆರಿಸುವಾಗ ಅವರನ್ನು ದೂರವಿಡುವುದು ಶುರುವಾಯಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರ ಸ್ವಭಾವವನ್ನೂ 30 ಸಾವಿರಕ್ಕೂ ಹೆಚ್ಚು ಜನರ ಕೆಲಸವನ್ನೂ ಪರಿಶೀಲಿಸಿದರು. ರಾಶಿಗೂ ಅವಕ್ಕೂ ಸಂಬಂಧವೇ ಕಾಣಲಿಲ್ಲ. ಗುಣ ಸುಳ್ಳು, ಆದರೆ ತಿರಸ್ಕಾರ ನಿಜ.

ನಮ್ಮಲ್ಲಿ ಇಂಥದ್ದಿಲ್ಲ ಎನ್ನುವಂತಿಲ್ಲ. ಹುಡುಗಿಯ ಮತ್ತು ಅವಳ ತಾಯಿಯ ಹೆಸರಿನ ಅಕ್ಷರಗಳಿಗೆ ಅಬ್ಜದ್ ಅಂಕಿ ಕೂಡಿಸಿ, ಹನ್ನೆರಡರಿಂದ ಭಾಗಿಸಿ, ಉಳಿದ ಶೇಷದಿಂದ ‘ಬುರ್ಜ್’ ಹೇಳಿ ಸಿತಾರಾ ಹೊಂದಿಸುವವರ ಬಳಿಗೆ ಮುಸ್ಲಿಮ್ ಮನೆಯವರೂ ಹೋಗುತ್ತಾರೆ. ‘ಸಿತಾರಾ ಕೂಡುವುದಿಲ್ಲ’ ಎಂಬ ಒಂದು ಮಾತಿಗೆ ನಿಂತುಹೋದ ರಿಶ್ತಾ ಯಾವ ಭಾಗಾಕಾರದಿಂದಲೂ ಮರಳಿ ಬರುವುದಿಲ್ಲ.

ಹಣೆಪಟ್ಟಿ ಒಳಗಿನಿಂದಲೂ ಕೆಲಸ ಮಾಡುತ್ತದೆ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಐಸೆಂಕ್ ಮತ್ತು ಸಂಗಡಿಗರು ಕಂಡದ್ದು ಇದನ್ನೇ. ತನ್ನ ರಾಶಿಗೆ ಯಾವ ಗುಣ ಹೇಳುತ್ತಾರೆಂದು ತಿಳಿದವರು ತಮ್ಮನ್ನು ಅದೇ ರೀತಿ ಬಣ್ಣಿಸಿಕೊಂಡರು. ಅದು ತಿಳಿಯದವರಲ್ಲಿ ಆ ಹೊಂದಾಣಿಕೆ ಸಿಗಲಿಲ್ಲ. ‘ಎರಡು ನಾಲಿಗೆಯವಳು’ ಎಂದು ಹತ್ತು ವರ್ಷದ ಮಗಳನ್ನು ದಿನಾ ರೇಗಿಸಿದರೆ ಅವಳು ಕಲಿಯುವುದು ಗ್ರಹಗತಿಯನ್ನಲ್ಲ, ತನ್ನ ಬಗ್ಗೆ ಒಂದು ತೀರ್ಪನ್ನು. ಸೂರಾ ಹುಜುರಾತ್ ಪರಸ್ಪರ ಅಪಹಾಸ್ಯವನ್ನು, ಕೆಟ್ಟ ಅಡ್ಡಹೆಸರುಗಳನ್ನು ನಿಷೇಧಿಸುವಾಗ ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಿರುವುದು ಇಲ್ಲಿ ನೆನಪಿಗೆ ಬರಬೇಕು.

ಮನೆಯಲ್ಲೇ ಮಾಡಿ ನೋಡಿ

ನಂಬಿಕೆ ಬಾರದಿದ್ದರೆ ಒಂದು ಮಧ್ಯಾಹ್ನ ಹೀಗೆ ಮಾಡಿ. ಹನ್ನೆರಡು ರಾಶಿಗಳ ದೋಷಗಳನ್ನು ಹನ್ನೆರಡು ಚೀಟಿಗಳಲ್ಲಿ ಬರೆಯಿರಿ. ರಾಶಿಯ ಹೆಸರು ಬೇಡ, ಹಿಂದೆ ಗುರುತಿಗೆ ಒಂದು ಸಂಖ್ಯೆ ಸಾಕು. ಇಂತಹ ಮೀಮ್ ಓದಿರದವರನ್ನು ಮಾತ್ರ ಕರೆದು ‘ನಿಮ್ಮದು ಯಾವುದು?’ ಎಂದು ಆರಿಸಲು ಹೇಳಿ. ಕಣ್ಣು ಮುಚ್ಚಿ ಎತ್ತಿದರೂ ಸರಾಸರಿ ಹನ್ನೆರಡರಲ್ಲಿ ಒಬ್ಬರಿಗೆ ತಮ್ಮದು ಸಿಗುತ್ತದೆ. ಇಪ್ಪತ್ತನಾಲ್ಕು ಮಂದಿಯಲ್ಲಿ ಇಬ್ಬರು ಮೂವರು ಹೊಂದಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಾಗೆಯೇ ಒಬ್ಬಿಬ್ಬರಿಗೆ ಬೇರೆ ರಾಶಿಯ ಚೀಟಿಯನ್ನೇ ‘ಇದು ನಿಮ್ಮದು’ ಎಂದು ಕೊಟ್ಟು ನೋಡಿ. ಅವರೂ “ಹೌದಲ್ಲ!” ಎಂದು ತಲೆದೂಗಿದರೆ, ಆ ಮಾತು ಎಷ್ಟು ಸಡಿಲವಾದ ಅಂಗಿ ಎಂಬುದು ನಿಮಗೇ ಗೊತ್ತಾಗುತ್ತದೆ.